ಕನ್ನಡ ಡಬ್ಬಿಂಗ್ ಸಿಂಕ್ ಆಗ್ತಾನೇ ಇಲ್ಲ, ಮೂರು ದಿನದಿಂದ ತಲೆ ಕೆಟ್ಟೋಗಿದೆ

ಸೈನ್ಸ್‌ಮೇಡಂ: 3 ನಿಮಿಷದ ಇಂಗ್ಲಿಷ್ ವಿಡಿಯೋ, ಗಿಡ ಆಹಾರ ತಯಾರಿಸೋದು ಹೇಗೆ ಅಂತ, ನಮ್ಮ 7ನೇ ಕ್ಲಾಸ್ ಮಕ್ಕಳಿಗೆ ಕನ್ನಡ ಮಾಡ್ತಿದೀನಿ. ಅನುವಾದ ಸರಿಯಾಗೇ ಇದೆ, ಓದಿದ್ದೂ ಸ್ಪಷ್ಟವಾಗಿದೆ, ಆದ್ರೆ ವಿಡಿಯೋ ಮೇಲೆ ಕೂರಿಸಿದ್ರೆ ಎಲ್ಲಾ ಹಿಂದೆ ಮುಂದೆ. ಸ್ಪೀಡ್ ಜಾಸ್ತಿ ಮಾಡಿ ನೋಡ್ದೆ, ಮ್ಯೂಚುವಲ್ ಫಂಡ್ ಜಾಹೀರಾತಿನ ಕೊನೇಲಿ ಬಡಬಡ ಅಂತಾರಲ್ಲ ಹಂಗಾಯ್ತು. ಏನ್ ಮಾಡ್ಲಿ?

ಕೇಬಲ್‌ಭಟ್ಟ: ಫ್ರೇಮ್ ರೇಟ್. ನೂರಕ್ಕೆ ನೂರು. ವಿಡಿಯೋ 23.976 ಇದೆ, ನೀವು 25ರಲ್ಲಿ ಎಕ್ಸ್‌ಪೋರ್ಟ್ ಮಾಡಿದೀರಿ. ಮೊದ್ಲು ಇದನ್ನ ಹಾಕಿ ರಿಸಲ್ಟ್ ಕಳ್ಸಿ:

```
ffprobe -v error -select_streams v:0 -show_entries stream=r_frame_rate video.mp4
```

ಸೈನ್ಸ್‌ಮೇಡಂ: 25/1 ಅಂತ ಬಂತು. ನನ್ನ ಪ್ರಾಜೆಕ್ಟೂ 25.

ಕೇಬಲ್‌ಭಟ್ಟ: ಹಂಗಾದ್ರೆ ಆಡಿಯೋ ಸ್ಯಾಂಪಲ್ ರೇಟ್ 44.1, 48 kHz ಗೊಂದಲ ಇರ್ಬೇಕು. ಇಲ್ಲಾ ವೇರಿಯಬಲ್ ಫ್ರೇಮ್ ರೇಟ್. ನಂಗೆ ಒಂದ್ಸಲ ಮದುವೆ ವಿಡಿಯೋದಲ್ಲಿ ಇದೇ ಆಗಿತ್ತು.

ಹುಬ್ಳಿವಾಯ್ಸ್: ಮೈಕ್ ಯಾವುದ್ರಿ ಮೇಡಂ? ನಾ ಅಂತೂ ಬೀರುದಾಗ ಕೌದಿ ಹೊದಿಸಿ ಅದ್ರೊಳಗ ಕುಂತು ರೆಕಾರ್ಡ್ ಮಾಡ್ತೀನಿ, ಸ್ಟುಡಿಯೋಕಿಂತ ಛಲೋ ಬರ್ತೈತಿ.

ರಾತ್ರಿಪಾಳಿ: ಭಟ್ರೇ, ರೇಟ್ ಪ್ರಾಬ್ಲಂ ಆದ್ರೆ ಜಾರೋದು ಸಾಮಾನ್ಯವಾಗಿ ಬೆಳೀತಾ ಹೋಗುತ್ತೆ, ನೀವು ಹೇಳಿದ 23.976, 25ರ ಲೆಕ್ಕದಲ್ಲಿ 3 ನಿಮಿಷದ ಕೊನೆಗೆ 7 ಸೆಕೆಂಡಿನ ಮೇಲೆ. ಮೇಡಂ, ನಿಮ್ದು ಹಂಗೆ ಬೆಳೀತಾ ಹೋಗುತ್ತಾ, ಇಲ್ಲ ಒಂದೊಂದು ವಾಕ್ಯಕ್ಕೆ ಒಂದೊಂದು ಥರಾನಾ? ಮತ್ತೆ ಪರದೇಲಿ ಮುಖ ಕಾಣುತ್ತಾ?

ಸೈನ್ಸ್‌ಮೇಡಂ: ಒಂದೊಂದು ವಾಕ್ಯಕ್ಕೆ ಒಂದೊಂದು ಥರ. ಮೊದಲ 20 ಸೆಕೆಂಡ್ ಟೀಚರ್ ಮುಖ ಇದೆ, ಆಮೇಲೆ ಪೂರ್ತಿ ಅನಿಮೇಷನ್. ಗೊತ್ತಿರುತ್ತೆ ಅನ್ಕೊಂಡಿದ್ದೆ.

ರಾತ್ರಿಪಾಳಿ: ನಮ್ಗೆ ಹೆಂಗೆ ಗೊತ್ತಾಗ್ಬೇಕು 😄 ಹೆಚ್ಚು ಕಾಡೋ ಒಂದು ವಾಕ್ಯ ಹಾಕಿ.

ಸೈನ್ಸ್‌ಮೇಡಂ: "ಪ್ಲಾಂಟ್ಸ್ ಟೇಕ್ ಇನ್ ಕಾರ್ಬನ್ ಡೈಆಕ್ಸೈಡ್ ಥ್ರೂ ಟೈನಿ ಪೋರ್ಸ್ ಆನ್ ದೇರ್ ಲೀವ್ಸ್, ಕಾಲ್ಡ್ ಸ್ಟೊಮ್ಯಾಟ", 5 ಸೆಕೆಂಡ್.
ನಂದು: "ಸಸ್ಯಗಳು ತಮ್ಮ ಎಲೆಗಳ ಮೇಲಿರುವ ಪತ್ರರಂಧ್ರಗಳು ಎಂದು ಕರೆಯಲ್ಪಡುವ ಸಣ್ಣ ರಂಧ್ರಗಳ ಮೂಲಕ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತವೆ". 8 ಸೆಕೆಂಡ್ ದಾಟುತ್ತೆ.

ರಾತ್ರಿಪಾಳಿ: ಸಿಕ್ತು. ನಿಮ್ದು 52 ಅಕ್ಷರ ಇದೆ. ಆರಾಮಾಗಿ ಮಾತಾಡಿದ್ರೆ ಸೆಕೆಂಡಿಗೆ 6 ಅಕ್ಷರ ಅನ್ನೋದು ನನ್ನ ಅಂದಾಜು, ಅಂದ್ರೆ 5 ಸೆಕೆಂಡಿಗೆ 30. ಆದ್ರೆ ಉದ್ದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಇಂಗ್ಲಿಷ್ ಸಾಲು ನೋಡಿದ್ರೆ ಚಿತ್ರದಲ್ಲಿ ಮೊದ್ಲು ಇಂಗಾಲದ ಡೈಆಕ್ಸೈಡ್ ಗುಳ್ಳೆ ಬರುತ್ತೆ, ಆಮೇಲೆ ಎಲೆ, ಕೊನೇಲಿ ರಂಧ್ರ ತೆರೆಯುತ್ತೆ ಅಲ್ವಾ? ನೀವು ಗುಳ್ಳೆ ತೋರಿಸುವಾಗ ಪತ್ರರಂಧ್ರ ಅಂತಿದೀರಿ, ರಂಧ್ರ ಬಂದಾಗ ಇಂಗಾಲ ಅಂತಿದೀರಿ. ಎಷ್ಟು ಸ್ಪೀಡ್ ಮಾಡಿದ್ರೂ ಇದು ಕೂರಲ್ಲ. ಕ್ರಿಯಾಪದಾನ "-ಓದು" ಮಾಡಿ ಮಧ್ಯಕ್ಕೆ ತನ್ನಿ, ಹೊಸ ವಿಷಯ ತಾನಾಗೇ ಕೊನೆಗೆ ಹೋಗುತ್ತೆ:

"ಗಿಡ ಇಂಗಾಲದ ಡೈಆಕ್ಸೈಡ್ ಎಳ್ಕೊಳ್ಳೋದು ಎಲೇಲಿರೋ ಸಣ್ಣ ತೂತುಗಳಿಂದ. ಇವೇ ಪತ್ರರಂಧ್ರ."

ಸರಿಯಾಗಿ 30. ಚೂರು ಉಳಿದ್ರೆ ffmpegನಲ್ಲಿ ಆಡಿಯೋ ಸ್ಪೀಡ್ atempo=1.05 ಸಾಕು. ನನ್ನ ಕಿವಿಗೆ 1.1 ದಾಟಿದ್ರೆ ಗಂಟಲು ಹಿಸುಕಿದಂಗೆ ಕೇಳುತ್ತೆ.

ಅಚ್ಚಗನ್ನಡ: "ತೂತು" ಪಾಠದ ಭಾಷೆನಾ? ಪುಸ್ತಕದಲ್ಲಿ ರಂಧ್ರ ಅಂತ ಇದೆ, ಪರೀಕ್ಷೇಲಿ ಮಕ್ಕಳು ತೂತು ಅಂತ ಬರೆದ್ರೆ ಮಾರ್ಕ್ಸ್ ಯಾರು ಕೊಡ್ತಾರೆ.

ಹುಬ್ಳಿವಾಯ್ಸ್: ಪತ್ರರಂಧ್ರ ಅಂತ ಅದ ಸಾಲಿನಾಗ ಐತಲ್ರಿ. "ಕರೆಯಲ್ಪಡುವ" ಅಂತ ಯಾವ ಮಗು ಮಾತಾಡ್ತೈತಿ?

ಸೈನ್ಸ್‌ಮೇಡಂ: ಕೂತ್ಕೊಳ್ತು!! "ಪತ್ರರಂಧ್ರ" ಅನ್ನೋದಕ್ಕೂ ಅದು ತೆರೆಯೋದಕ್ಕೂ ಸರಿಹೋಯ್ತು. ಈಗ ಮುಖ ಇರೋ ಭಾಗ. ಮೊದಲ ಸಾಲು "ಹೌ ಡು ಪ್ಲಾಂಟ್ಸ್ ಮೇಕ್ ದೇರ್ ಓನ್ ಫುಡ್?"

ರಾತ್ರಿಪಾಳಿ: ಅಲ್ಲಿ ಪೂರ್ತಿ ತುಟಿ ಹೊಂದಿಸೋಕೆ ಹೋಗ್ಬೇಡಿ. ಬಾಯಿ ತೆರೆದಾಗ ಶುರು, ನಿಂತಾಗ ಮುಗೀಬೇಕು, ಮಧ್ಯೆ ಪ ಬ ಮ ಬಂದಾಗ ತುಟಿ ಮುಚ್ಚೋದು ಮಾತ್ರ ಎದ್ದು ಕಾಣುತ್ತೆ. ಮೂರನೇ ಉಚ್ಚಾರಕ್ಕೆ ಪ್ಲಾಂಟ್ಸ್‌ನ ಪ ಇದೆ. "ಹೇಗೆ ಗಿಡ" ಅಂದ್ರೆ ತುಟಿ ಮುಚ್ಚಲ್ಲ. "ಹೇಗೆ ಮರಗಿಡ ತಮ್ಮ ಊಟ ತಾವೇ ಮಾಡ್ಕೊಳ್ತವೆ?" ಅಂದ್ರೆ ಮ ಅಲ್ಲೇ ಬೀಳುತ್ತೆ.

ಅಚ್ಚಗನ್ನಡ: "ಹೇಗೆ" ಮೊದಲು ಇಟ್ರೆ ಇಂಗ್ಲಿಷ್ ವಾಸನೆ. "ಮರಗಿಡ ತಮ್ಮ ಊಟ ತಾವೇ ಹೇಗೆ ಮಾಡ್ಕೊಳ್ತವೆ" ಅನ್ನೋದೇ ಕನ್ನಡ.

ರಾತ್ರಿಪಾಳಿ: ಒಪ್ತೀನಿ, ಆದ್ರೆ ಆಗ ಮ ಎರಡು ಅಕ್ಷರ ಮುಂಚೆ ಬೀಳುತ್ತೆ. ಹಾಗೇ ಬೇಕಂದ್ರೆ ಶುರುವಲ್ಲಿ "ಅಲ್ಲಾ," ಅಂತ ಸೇರಿಸಿ ನೋಡಿ, ಕೊನೇಲಿ ಬಾಯಿ ನಿಂತ ಮೇಲೂ ಮಾತು ಉಳಿಯಬಹುದು.

ಸೈನ್ಸ್‌ಮೇಡಂ: ಎರಡೂ ರೆಕಾರ್ಡ್ ಮಾಡಿ ಕ್ಲಾಸಲ್ಲಿ ಹಾಕ್ತೀನಿ. ಯಾವ್ದಕ್ಕೆ ನಗ್ತಾರೋ ಅದನ್ನ ತೆಗೀತೀನಿ. ಇನ್ನೊಂದು, ಒಂದು ಕಡೆ ಕೊನೇ ಫ್ರೇಮ್ ಅರ್ಧ ಸೆಕೆಂಡ್ ನಿಲ್ಲಿಸಿದ್ರೆ ಹಿಂದಿನ ಮ್ಯೂಸಿಕ್ ಕಟ್ ಆಗ್ತಿದೆ, ಮ್ಯೂಸಿಕ್ ಬೇರೆ ಟ್ರ್ಯಾಕಲ್ಲಿ ಇಲ್ಲ.

ಕೇಬಲ್‌ಭಟ್ಟ: ಅದಕ್ಕೇ ಹೇಳಿದ್ದು, ಫ್ರೇಮ್ ರೇಟ್ ಒಂದ್ಸಲ ನೋಡಿ.

ಹುಬ್ಳಿವಾಯ್ಸ್: ಭಟ್ರ, ಬರ್ರಿ ಇಲ್ಲಿ, ಕೌದಿ ಒಳಗ ಇನ್ನೊಬ್ರಿಗೆ ಜಾಗ ಐತಿ.