ಫೇಸ್‌ಬುಕ್‌ನಲ್ಲಿ ಓಟಿ ಬಗ್ಗೆ ಬರೆದಿದ್ದಕ್ಕೆ ಶೋಕಾಸ್ ನೋಟಿಸ್: ಅನುಭವ ಇರುವವರು ಹೇಳಿ

ರವಿ: ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಆಪರೇಟರ್ ಆಗಿದ್ದೇನೆ. ಓಟಿ ದುಡ್ಡಿನ ವಿಚಾರವಾಗಿ ಫೇಸ್‌ಬುಕ್‌ನಲ್ಲಿ ಒಂದು ಪೋಸ್ಟ್ ಹಾಕಿದ್ದೆ. ಕಂಪನಿಗೆ ಕೆಟ್ಟ ಹೆಸರು ತಂದಿದ್ದೀರಿ, ಮೂರು ದಿನದಲ್ಲಿ ಉತ್ತರ ಕೊಡಿ ಅಂತ ಶೋಕಾಸ್ ನೋಟಿಸ್ ಬಂದಿದೆ. ನನ್ನ ಸ್ವಂತ ಅಕೌಂಟ್, ಮನೆಯಲ್ಲಿ ಕೂತು ಹಾಕಿದ್ದು. ಇಷ್ಟಕ್ಕೆ ಕೆಲಸದಿಂದ ತೆಗೆಯಬಹುದಾ? ಯಾರಿಗಾದರೂ ಹೀಗಾಗಿತ್ತಾ?

ಪ್ರದೀಪ್: ಹೆದರಬೇಡಿ ಅಣ್ಣ. ಸಂವಿಧಾನದ 19ನೇ ವಿಧಿಯಲ್ಲಿ ವಾಕ್ ಸ್ವಾತಂತ್ರ್ಯ ಇದೆ. ನೀವು ಡ್ಯೂಟಿಯಲ್ಲಿ ಇರಲಿಲ್ಲ, ಕಂಪನಿ ಫೋನೂ ಅಲ್ಲ. ಅವರು ಏನೂ ಮಾಡಕ್ಕಾಗಲ್ಲ. ಮದ್ರಾಸ್ ಹೈಕೋರ್ಟ್ ಕೂಡ ನೌಕರನಿಗೆ ಅಸಮಾಧಾನ ಹೇಳಿಕೊಳ್ಳುವ ಹಕ್ಕಿದೆ ಅಂತ ಹೇಳಿದೆ. ಉತ್ತರದಲ್ಲಿ ಅದನ್ನೇ ಬರೆದು ಕಳಿಸಿ, ಸಾಕು.

ಶಾರದಾ: ನನ್ನ ಅನುಭವ ಬೇರೆ. ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ಬಿಸಿಯೂಟದ ಅನುದಾನ ತಡವಾಗಿದ್ದರ ಬಗ್ಗೆ ಎರಡು ಸಾಲು ಬರೆದಿದ್ದಕ್ಕೆ ಬಿಇಒ ಕರೆಸಿ ವಿವರಣೆ ಕೇಳಿದರು. ನಡತೆ ನಿಯಮ ತೋರಿಸಿದರು. ನಮಗೆ 2021ರ ನಡತೆ ನಿಯಮಗಳಿವೆ, ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವ ಹಾಗಿಲ್ಲ. 2023ರಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ ಶಿಕ್ಷಕರೊಬ್ಬರು ಸರ್ಕಾರದ ಉಚಿತ ಯೋಜನೆಗಳ ಬಗ್ಗೆ ಪೋಸ್ಟ್ ಹಾಕಿ ಸಸ್ಪೆಂಡ್ ಆಗಿದ್ದು ಎಲ್ಲ ಪೇಪರಿನಲ್ಲೂ ಬಂದಿತ್ತು. ತಕ್ಷಣ ಪೋಸ್ಟ್ ತೆಗೆದು ಕ್ಷಮೆ ಕೇಳಿಬಿಡಿ ರವಿ.

ಮುರಳೀಧರ: ಲೇಬರ್ ಕೋರ್ಟಿನಲ್ಲಿ ಕಾರ್ಮಿಕರ ಪರ ವಕೀಲಿ ಮಾಡುತ್ತೇನೆ. ಮೊದಲು ಎರಡು ಮಾತು ಸರಿಪಡಿಸಬೇಕು. ಶಾರದಾ ಮೇಡಂ ಹೇಳಿದ ನಿಯಮ ಸರ್ಕಾರಿ ನೌಕರರಿಗೆ. ರವಿಗೆ ಅದು ಅನ್ವಯಿಸುವುದಿಲ್ಲ. ಪ್ರದೀಪ್ ಹೇಳಿದ 19ನೇ ವಿಧಿ ಮುಖ್ಯವಾಗಿ ಸರ್ಕಾರದ ವಿರುದ್ಧ ಇರುವ ಹಕ್ಕು. ಖಾಸಗಿ ಕಂಪನಿಯ ಶೋಕಾಸ್‌ಗೆ ಅದನ್ನೇ ಗುರಾಣಿ ಮಾಡಿಕೊಂಡು ಕೂತರೆ ಕೆಲಸ ಆಗುವುದಿಲ್ಲ.

ಮದ್ರಾಸ್ ತೀರ್ಪು ನಿಜ. 2023ರಲ್ಲಿ ಮಧುರೈ ಪೀಠದಿಂದ ಬಂತು. ತಮಿಳುನಾಡು ಗ್ರಾಮ ಬ್ಯಾಂಕಿನ ನೌಕರರೊಬ್ಬರು ಸಹೋದ್ಯೋಗಿಗಳ ವಾಟ್ಸಾಪ್ ಗ್ರೂಪಿನಲ್ಲಿ ಮೇಲಧಿಕಾರಿಗಳನ್ನು ಟೀಕಿಸಿದ್ದರು. ಅವರ ಮೇಲಿನ ಚಾರ್ಜ್ ಮೆಮೊವನ್ನು ಕೋರ್ಟು ರದ್ದು ಮಾಡಿತು. ಆದರೆ ಅದು ಮುಚ್ಚಿದ ಗ್ರೂಪು, ನಾಲ್ಕು ಗೋಡೆಯೊಳಗಿನ ಮಾತಿನ ಹಾಗೆ. ಸಂಸ್ಥೆಯ ಹೆಸರಿಗೆ ಪೆಟ್ಟು ಬಿದ್ದರೆ ಆಡಳಿತ ಮಂಡಳಿ ಮಧ್ಯೆ ಬರಬಹುದು ಅಂತಲೂ ಅದೇ ತೀರ್ಪಿನಲ್ಲಿದೆ. ಇದನ್ನು ಯಾರೂ ಹಂಚಿಕೊಳ್ಳುವುದಿಲ್ಲ.

ಅದೇ ವರ್ಷ ಬಾಂಬೆ ಹೈಕೋರ್ಟ್ ಉಲ್ಟಾ ತೀರ್ಪು ಕೊಟ್ಟಿತು. ಹಿಟಾಚಿ ಆಸ್ಟೆಮೊ ಫಿ ಕಂಪನಿಯ ಕೇಸು. ಸಂಬಳದ ಒಪ್ಪಂದದ ಜಗಳ ನಡೆಯುತ್ತಿದ್ದಾಗ ಕಾರ್ಮಿಕರೊಬ್ಬರು ಫೇಸ್‌ಬುಕ್‌ನಲ್ಲಿ ಎರಡು ಪೋಸ್ಟ್ ಹಾಕಿದ್ದರು. ಎನ್‌ಕ್ವೈರಿ ನಡೆದು ಕೆಲಸ ಹೋಯಿತು. ಲೇಬರ್ ಕೋರ್ಟು ಕಾರ್ಮಿಕನ ಪರ ನಿಂತಿತು. ಹೈಕೋರ್ಟು ಅದನ್ನು ತಿರುಗಿಸಿತು. ಜನರನ್ನು ಕೆರಳಿಸುವ ಮಾತಾದರೆ ಗಲಾಟೆ ಆಗುವವರೆಗೂ ಕಂಪನಿ ಕಾಯಬೇಕಿಲ್ಲ ಅಂದಿತು. ಹಾಗಾಗಿ ಎಲ್ಲಿ ಕೂತು ಹಾಕಿದಿರಿ ಅನ್ನುವುದಕ್ಕಿಂತ ಏನು ಬರೆದಿರಿ, ಯಾರು ಓದುವ ಹಾಗಿತ್ತು ಅನ್ನುವುದು ಮುಖ್ಯ. ರವಿ, ಹೆಸರುಗಳನ್ನು ಬಿಟ್ಟು ಪೋಸ್ಟಿನಲ್ಲಿ ಇದ್ದದ್ದನ್ನು ಹಾಗೇ ಹೇಳಿ. ಕೆಳಗೆ ಬಂದ ಕಾಮೆಂಟ್ ಸಮೇತ.

ರವಿ: ಸರ್, ಪೋಸ್ಟ್ ಪಬ್ಲಿಕ್ ಇತ್ತು. ಯೂನಿಫಾರ್ಮ್ ಹಾಕಿಕೊಂಡ ನನ್ನ ಫೋಟೋ, ಜೇಬಿನ ಮೇಲೆ ಕಂಪನಿ ಲೋಗೋ ಕಾಣಿಸುತ್ತೆ. ಬರೆದಿದ್ದು ಇಷ್ಟು: "12 ಗಂಟೆ ದುಡಿಸಿಕೊಂಡು ಓಟಿ ಸಿಂಗಲ್ ರೇಟಿನಲ್ಲಿ ಕೊಡುತ್ತಾರೆ. ಪ್ಲಾಂಟ್ ಹೆಡ್ ಕಳ್ಳ, ಕಂಟ್ರಾಕ್ಟರ್ ಹತ್ತಿರ ಕಮಿಷನ್ ತಿಂತಾನೆ." ಎರಡನೇ ಫೋಟೋದಲ್ಲಿ ಲೈನಿನ ಪಕ್ಕದ ಪ್ರೊಡಕ್ಷನ್ ಬೋರ್ಡ್ ಇದೆ, ಎಷ್ಟು ದುಡಿಸುತ್ತಾರೆ ಅಂತ ತೋರಿಸಲು ಹಾಕಿದ್ದೆ. ಕಾಮೆಂಟಿನಲ್ಲಿ ಒಬ್ಬ ಹುಡುಗ "ಸೋಮವಾರ ಲೈನ್ ನಿಲ್ಲಿಸೋಣ, ಬುದ್ಧಿ ಬರುತ್ತೆ" ಅಂದಿದ್ದ. ನಾನು ಅದಕ್ಕೆ ಲೈಕ್ ಒತ್ತಿದ್ದೆ. ಸೋಮವಾರ ಏನೂ ಆಗಲಿಲ್ಲ, ಲೈನ್ ಮಾಮೂಲಾಗಿ ನಡೆಯಿತು.

ಗೀತಾ: ನಾನು ಎಚ್‌ಆರ್‌ನಲ್ಲಿದ್ದೇನೆ, ಬೇರೆ ಕಂಪನಿ. ಒಳಗಿನಿಂದ ಇದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಓಟಿ ಸಾಲು ಓದಿದಾಗ ನಮಗೆ ಕಸಿವಿಸಿ ಆಗುತ್ತದೆ, ಆದರೆ ಅದರ ಮೇಲೆ ಚಾರ್ಜ್‌ಶೀಟ್ ಮಾಡಲು ಧೈರ್ಯ ಬರುವುದಿಲ್ಲ. ಎನ್‌ಕ್ವೈರಿಯಲ್ಲಿ ಪೇ ಸ್ಲಿಪ್ ಹೊರಗೆ ಬಂದರೆ ಕಂಪನಿಗೇ ಕಷ್ಟ. ನಾವು ಹಿಡಿದುಕೊಳ್ಳುವುದು ಆ ಬೋರ್ಡಿನ ಫೋಟೋ. ಗ್ರಾಹಕ ಕಂಪನಿಯ ಪಾರ್ಟ್ ನಂಬರ್, ದಿನದ ಟಾರ್ಗೆಟ್, ರಿಜೆಕ್ಷನ್ ಎಲ್ಲ ಅದರಲ್ಲಿರುತ್ತದೆ. ಶಾಪ್ ಫ್ಲೋರಿಗೆ ಫೋನ್ ತರಬಾರದು ಅನ್ನುವ ನಿಯಮ ಇದ್ದರೆ ಇನ್ನೂ ಸುಲಭ. ಟೀಕೆ ಮಾಡಿದ ಅಂತ ಬರೆಯುವುದೇ ಬೇಡ, ಫೋಟೋ ತೆಗೆದ ಅಂತ ಬರೆದರೆ ಸಾಕು. ನೋಟಿಸ್‌ನಲ್ಲಿ ಆ ಫೋಟೋ ಬಗ್ಗೆ ಇದೆಯಾ ನೋಡಿ.

ಮುರಳೀಧರ: ಗೀತಾ ಮೇಡಂ ಹೇಳಿದ್ದು ಸರಿ. ರವಿ, ನಿಮ್ಮದು ಒಂದು ಪೋಸ್ಟ್ ಅಲ್ಲ, ನಾಲ್ಕು ವಿಷಯ ಒಟ್ಟಿಗಿವೆ. ಉತ್ತರದಲ್ಲಿ ಅವನ್ನು ಬಿಡಿಸಿಯೇ ಬರೆಯಬೇಕು.

ಓಟಿ ಮಾತಿನಲ್ಲಿ ಹಿಂದೆ ಸರಿಯಬೇಡಿ. 1948ರ ಕಾರ್ಖಾನೆ ಕಾಯ್ದೆಯ 59ನೇ ಕಲಂ ಪ್ರಕಾರ ಓಟಿಗೆ ಎರಡರಷ್ಟು ಕೂಲಿ ಕೊಡಬೇಕಿತ್ತು, ಈಗಿನ ಕಾರ್ಮಿಕ ಸಂಹಿತೆಯಲ್ಲೂ ಅಷ್ಟೇ. ಪೇ ಸ್ಲಿಪ್, ಪಂಚಿಂಗ್ ದಾಖಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ತಿಂಗಳ ಲೆಕ್ಕ ಬರೆಯಿರಿ. ದಾಖಲೆ ಇರುವ ನಿಜವಾದ ದೂರಿಗೆ ದೊಡ್ಡ ಶಿಕ್ಷೆ ಕೊಟ್ಟರೆ ಅದನ್ನು ಕೋರ್ಟಿನಲ್ಲಿ ಸಮರ್ಥಿಸಿಕೊಳ್ಳುವುದು ಕಂಪನಿಗೆ ಸುಲಭವಲ್ಲ.

ಕಳ್ಳ, ಕಮಿಷನ್ ಅನ್ನುವ ಮಾತಿಗೆ ನಿಮ್ಮ ಹತ್ತಿರ ಪುರಾವೆ ಇಲ್ಲ ಅಂದುಕೊಳ್ಳುತ್ತೇನೆ. ಅದು ಟೀಕೆಯ ಗೆರೆ ದಾಟಿ ಒಬ್ಬ ಮನುಷ್ಯನ ಮೇಲಿನ ಆರೋಪ ಆಯಿತು. ಮಾನನಷ್ಟದ ಬಾಗಿಲೂ ತೆರೆದುಕೊಳ್ಳುತ್ತದೆ. "ಸಿಟ್ಟಿನಲ್ಲಿ ಬಂದ ಮಾತು, ಆ ವಾಕ್ಯವನ್ನು ಹಿಂತೆಗೆದುಕೊಳ್ಳುತ್ತೇನೆ" ಅಂತ ಆ ಒಂದು ವಾಕ್ಯಕ್ಕೆ ಮಾತ್ರ ವಿಷಾದ ಬರೆಯಿರಿ. ಇಡೀ ಪೋಸ್ಟಿಗೆ ಕ್ಷಮೆ ಕೇಳಬೇಡಿ. ಕೇಳಿದರೆ ಓಟಿ ದೂರೂ ಸುಳ್ಳು ಅಂತ ನೀವೇ ಒಪ್ಪಿಕೊಂಡ ಹಾಗೆ ಓದುತ್ತಾರೆ.

ಲೈಕ್ ಒತ್ತಿದ್ದೇ ನನಗೆ ಜಾಸ್ತಿ ಚಿಂತೆ. ಬಾಂಬೆ ತೀರ್ಪನ್ನು ಕಂಪನಿ ವಕೀಲರು ಇಲ್ಲಿಗೆ ತಂದು ಕೂರಿಸುತ್ತಾರೆ. ಕಾಮೆಂಟ್ ನಿಮ್ಮದಲ್ಲ, ನೀವು ಯಾರನ್ನೂ ಕರೆದಿಲ್ಲ, ಸೋಮವಾರ ಉತ್ಪಾದನೆ ನಿಂತಿಲ್ಲ ಅಂತ ಬರೆಯಿರಿ. ಆದರೆ ಏನೂ ಆಗಲಿಲ್ಲ ಅನ್ನುವುದೊಂದರ ಮೇಲೇ ನಿಲ್ಲಬೇಡಿ. ಬಾಂಬೆಯಲ್ಲಿ ಆ ವಾದ ನಡೆಯಲಿಲ್ಲ.

ಇನ್ನು ಸ್ಟ್ಯಾಂಡಿಂಗ್ ಆರ್ಡರ್ಸ್, ಅಂದರೆ ಕಾರ್ಖಾನೆಯ ಸೇವಾ ನಿಯಮಗಳ ಪ್ರತಿ ತರಿಸಿಕೊಳ್ಳಿ. ಗೇಟಿನ ಹತ್ತಿರದ ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲೂ ಇರಬೇಕು. ದುರ್ನಡತೆ ಅಂತ ಯಾವುದನ್ನು ಪಟ್ಟಿ ಮಾಡಿದ್ದಾರೋ ಅದಕ್ಕೆ ಮಾತ್ರ ಶಿಕ್ಷೆ. 1984ರ ಗ್ಲಾಕ್ಸೋ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಅಲ್ಲಿನ ಆರ್ಡರ್ಸ್‌ನಲ್ಲಿ "ಸಂಸ್ಥೆಯ ಆವರಣದಲ್ಲಿ ಅಥವಾ ಅದರ ಆಸುಪಾಸಿನಲ್ಲಿ" ಅಂತ ಇತ್ತು. ದೂರದಲ್ಲಿ ನಡೆದದ್ದು ಅದರಡಿ ಬರುವುದಿಲ್ಲ ಅಂದಿತು ಕೋರ್ಟು. ನಿಮ್ಮ ಪ್ರತಿಯಲ್ಲೂ ಅಂಥ ಪದಗಳಿದ್ದರೆ ಮನೆಯಲ್ಲಿ ಕೂತು ಹಾಕಿದ್ದು ಅನ್ನುವ ಮಾತಿಗೆ ಬಲ ಬರುತ್ತದೆ. "ಶಿಸ್ತಿಗೆ ಧಕ್ಕೆ ತರುವ ಯಾವುದೇ ಕೃತ್ಯ" ಅಂತ ಸುಮ್ನೆ ಇದ್ದರೆ ಬಲ ಕಮ್ಮಿ.

ಕಿರಣ್: ನಮ್ಮಂಥ ಐಟಿಯವರಿಗೆ ಇದ್ಯಾವುದೂ ಇಲ್ಲ. ಲಿಂಕ್ಡ್‌ಇನ್‌ನಲ್ಲಿ ಅಪ್ರೈಸಲ್ ಬಗ್ಗೆ ಬರೆದೆ. ಎಚ್‌ಆರ್ ಮೀಟಿಂಗಿಗೆ ಕರೆದು ರಾಜೀನಾಮೆ ಕೊಟ್ಟರೆ ಒಳ್ಳೇ ರಿಲೀವಿಂಗ್ ಲೆಟರ್ ಕೊಡುತ್ತೇವೆ ಅಂದರು. ಕೊಟ್ಟೆ. ಎನ್‌ಕ್ವೈರಿ ಅನ್ನುವ ಪದ ಕೇಳುತ್ತಿರುವುದೇ ಈಗ.

ಮುರಳೀಧರ: ರಾಜೀನಾಮೆ ಕೊಟ್ಟ ಮೇಲೆ ತೆಗೆದು ಹಾಕಿದರು ಅಂತ ಹೇಳುವುದು ತುಂಬಾ ಕಷ್ಟ, ಕಿರಣ್. ರವಿಗೂ ಅದೇ ಮಾತು. ಒಳಗೆ ಕರೆದು ಟೈಪ್ ಮಾಡಿದ ಕ್ಷಮಾಪಣೆ ಪತ್ರ ಮುಂದಿಟ್ಟು ಸಹಿ ಹಾಕಿ, ಇಲ್ಲಿಗೇ ಮುಗಿಸೋಣ ಅಂತಾರೆ. ಹಾಕಬೇಡಿ. ತಪ್ಪೊಪ್ಪಿಗೆ ಕೈಗೆ ಸಿಕ್ಕಿದರೆ ಎನ್‌ಕ್ವೈರಿ ನೆಪಮಾತ್ರಕ್ಕೆ ನಡೆಯುತ್ತದೆ.

ರವಿ: ನೋಟಿಸ್‌ನಲ್ಲಿ ಫೋಟೋ ಬಗ್ಗೆ ಏನೂ ಇಲ್ಲ ಮೇಡಂ. "ಸಾಮಾಜಿಕ ಜಾಲತಾಣದಲ್ಲಿ ಕಂಪನಿಯ ಘನತೆಗೆ ಕುಂದು" ಅಂತ ಒಂದೇ ಸಾಲು. ಯಾವ ನಿಯಮದ ಕಲಂ ಅಂತಲೂ ಇಲ್ಲ, ಸ್ಕ್ರೀನ್‌ಶಾಟೂ ಇಲ್ಲ. ಮೂರು ದಿನ ನಾಳೆಗೆ ಮುಗಿಯುತ್ತೆ.

ಮುರಳೀಧರ: ಹಾಗಾದರೆ ನಾಳೆ ಪೂರ್ತಿ ಉತ್ತರ ಬೇಡ. ಯಾವ ಪೋಸ್ಟ್, ಯಾವ ತಾರೀಖು, ಯಾವ ಕಲಂ ಅಂತ ಗೊತ್ತಿಲ್ಲದೆ ಉತ್ತರಿಸಲು ಆಗುವುದಿಲ್ಲ, ಸ್ಕ್ರೀನ್‌ಶಾಟ್ ಮತ್ತು ಸ್ಟ್ಯಾಂಡಿಂಗ್ ಆರ್ಡರ್ಸ್ ಪ್ರತಿ ಕೊಡಿ, ಸಿಕ್ಕ ಮೇಲೆ ಒಂದು ವಾರ ಸಮಯ ಕೊಡಿ ಅಂತ ಬರೆದು ಇನ್‌ವರ್ಡ್ ಸೀಲ್ ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಇಮೇಲ್ ಜೊತೆಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ. ಅವರು ಕೇಳದ ಫೋಟೋ ವಿಷಯವನ್ನು ನೀವಾಗಿ ಎತ್ತಬೇಡಿ. ಚಾರ್ಜ್‌ಶೀಟಿನಲ್ಲಿ ಬಂದರೆ ಆಗ ನೋಡೋಣ.

ಸಸ್ಪೆಂಡ್ ಮಾಡಿದರೆ ಮೊದಲ 90 ದಿನ ಅರ್ಧ ಸಂಬಳ ಕೊಡಲೇಬೇಕು. ಎನ್‌ಕ್ವೈರಿಗೆ ಸಹೋದ್ಯೋಗಿಯೊಬ್ಬರನ್ನು ಸಹಾಯಕ್ಕೆ ಕರೆದುಕೊಳ್ಳಿ. ಕೆಲಸದಿಂದ ತೆಗೆದರೂ ಶಿಕ್ಷೆ ತಪ್ಪಿಗಿಂತ ಹೆಚ್ಚಾಯಿತು ಅಂತ ಕಡಿಮೆ ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ. ಹಳೇ ಕೈಗಾರಿಕಾ ವಿವಾದ ಕಾಯ್ದೆಯ 11ಎ ಕಲಂ ಅದೇ. ಹಿಂದೆ ಒಂದು ಮೆಮೊ ಕೂಡ ಇಲ್ಲದಿದ್ದರೆ ಅದು ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಜೊತೆಗೆ ಓಟಿ ದೂರನ್ನು ಲೇಬರ್ ಇನ್‌ಸ್ಪೆಕ್ಟರಿಗೂ, ಕಾರ್ಖಾನೆ ಇಲಾಖೆಗೂ ಲಿಖಿತವಾಗಿ ಕೊಡಿ.

ಗೀತಾ: ಪೋಸ್ಟ್ ಮಾತ್ರ ಇವತ್ತೇ ತೆಗೆಯಿರಿ. ಅದು ಇನ್ನೂ ಹಾಗೇ ಇದ್ದರೆ, ನೋಟಿಸ್ ಕೊಟ್ಟ ಮೇಲೂ ಹಟ ಮಾಡಿದ ಅಂತ ಫೈಲಿನಲ್ಲಿ ಬರೆಯುತ್ತಾರೆ. ನಾನಾಗಿದ್ದರೂ ಬರೆಯುತ್ತಿದ್ದೆ.

ಮುರಳೀಧರ: ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ತೆಗೆದರೆ ಸಾಕ್ಷ್ಯ ಅಳಿಸಿದ ಅಂತಲೂ ಬರೆಯುತ್ತಾರೆ. ಅವರ ಕೈಯಲ್ಲಿರುವ ಸ್ಕ್ರೀನ್‌ಶಾಟ್ ಅರ್ಧ ಕತ್ತರಿಸಿದ್ದಾಗಿದ್ದರೆ ಪೂರ್ತಿ ಪೋಸ್ಟ್ ತೋರಿಸಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಮೊದಲು ತಾರೀಖು, ಎಲ್ಲ ಕಾಮೆಂಟ್ ಕಾಣುವ ಹಾಗೆ ಪೂರ್ತಿ ಸೇವ್ ಮಾಡಿ. ಆಮೇಲೆ "ಓನ್ಲಿ ಮಿ" ಮಾಡಿ, ಡಿಲೀಟ್ ಬೇಡ.

ಪ್ರದೀಪ್: ಸರ್, ಇದೇ ಪೋಸ್ಟನ್ನು ಪಬ್ಲಿಕ್ ಬಿಟ್ಟು ಡಿಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರೆ ಬಚಾವಾಗುತ್ತಿದ್ದರು ಅಲ್ವಾ? ನಮ್ಮ ಗ್ರೂಪಿನಲ್ಲಿ 400 ಜನ ಇದ್ದಾರೆ, ಸೂಪರ್‌ವೈಸರ್‌ಗಳೂ ಇದ್ದಾರೆ.

ಮುರಳೀಧರ: 400 ಜನರ ಗ್ರೂಪು ಮುಚ್ಚಿದ ಕೋಣೆಯೋ ಸಂತೆಯೋ ಅಂತ ಗಟ್ಟಿಯಾಗಿ ಹೇಳಲಾರೆ. ಗ್ರೂಪು ಯಾರು ಮಾಡಿದ್ದು, ಕಂಪನಿ ಕೆಲಸಕ್ಕೆ ಮಾಡಿದ್ದೋ ನೀವೇ ಮಾಡಿಕೊಂಡದ್ದೋ ಅನ್ನುವುದರ ಮೇಲೆ ಬಹಳ ನಿಂತಿರುತ್ತದೆ. ಕಂಪನಿಯೇ ಮಾಡಿದ ಗ್ರೂಪಾದರೆ ಮದ್ರಾಸ್ ತೀರ್ಪನ್ನು ನಾನು ನೆಚ್ಚಿಕೊಳ್ಳುವುದಿಲ್ಲ.

ರವಿ: ಪೂರ್ತಿ ಪೋಸ್ಟ್ ಸೇವ್ ಮಾಡಿ "ಓನ್ಲಿ ಮಿ" ಮಾಡಿದೆ. ಸಮಯ ಕೇಳುವ ಪತ್ರ ಬರೆದಿದ್ದೇನೆ, ಬೆಳಿಗ್ಗೆ ಶಿಫ್ಟಿಗೆ ಮೊದಲೇ ಟೈಮ್ ಆಫೀಸಿನಲ್ಲಿ ಕೊಡುತ್ತೇನೆ. ಕಾಮೆಂಟ್ ಹಾಕಿದ ಹುಡುಗನಿಗೂ ಇವತ್ತು ಸಂಜೆ ನೋಟಿಸ್ ಬಂದಿದೆ. ಅವನು ಟ್ರೈನಿ, ಇನ್ನೂ ಕನ್ಫರ್ಮ್ ಆಗಿಲ್ಲ. ಅವನಿಗೂ ಇದೇ ಥರ ಬರೆದುಕೊಟ್ಟರೆ ನಡೆಯುತ್ತಾ ಸರ್?

ಮುರಳೀಧರ: ಅವನದು ಬೇರೆ. ಟ್ರೈನಿಯನ್ನು ಎನ್‌ಕ್ವೈರಿ ಇಲ್ಲದೆ, ತರಬೇತಿ ತೃಪ್ತಿಕರವಾಗಿಲ್ಲ ಅಂತ ಒಂದು ಸಾಲಿನಲ್ಲಿ ಕಳಿಸಲು ನೋಡುತ್ತಾರೆ. ಅವನ ಅಪಾಯಿಂಟ್‌ಮೆಂಟ್ ಲೆಟರ್ ನೋಡದೆ ಏನೂ ಹೇಳಲಾರೆ. ಹೆಸರು, ಸಂಬಳ ಮುಚ್ಚಿ ಅದರ ಫೋಟೋ ಕಳಿಸಲು ಹೇಳಿ. ಅಲ್ಲಿಯವರೆಗೆ ಅವನು ಯಾವ ಕಾಗದಕ್ಕೂ ಸಹಿ ಹಾಕುವುದು ಬೇಡ.