ಸೊಸೈಟಿ ಸಾಫ್ಟ್‌ವೇರ್‌ಗೆ ನಾಲ್ಕೂವರೆ ಲಕ್ಷ ಸಾಕಾ?

ಅಡಿಕೆ ತೋಟ: ಮೇಷ್ಟ್ರೇ, ನಾನು ನಮ್ಮೂರ ಸಹಕಾರಿ ಸಂಘದ ಕಾರ್ಯದರ್ಶಿ. 3,000 ಸದಸ್ಯರಿದ್ದಾರೆ. ಸಾಲ, ಠೇವಣಿ ಲೆಕ್ಕಕ್ಕೆ ಸಾಫ್ಟ್‌ವೇರ್, ಜೊತೆಗೆ ಸದಸ್ಯರಿಗೆ ಆ್ಯಪ್ ಬೇಕು. ಕೊಟೇಶನ್ ಹೀಗಿದೆ: ಇಬ್ಬರು ಡೆವಲಪರ್, ಮೂರು ತಿಂಗಳು, 4.5 ಲಕ್ಷ. ಒಂದು ವರ್ಷ ಹೋಸ್ಟಿಂಗ್ ಫ್ರೀ, ಆಮೇಲೆ ನಿರ್ವಹಣೆಗೆ ವರ್ಷಕ್ಕೆ ಶೇ 15 ಎಎಂಸಿ. ಎಸ್‌ಎಂಎಸ್‌ಗೆ 20 ಪೈಸೆ. ಹಳೆ ಡೇಟಾ ನುಡಿ ಫಾಂಟ್‌ನಲ್ಲಿದೆ. ಆಡಳಿತ ಮಂಡಳಿಗೆ ಎಷ್ಟು ಅಂತ ಹೇಳಲಿ?

ಕೋಡ್ ಮೇಷ್ಟ್ರು: ನೀವು ಕೊನೆಗೆ ಬರೆದ ನುಡಿ ಫಾಂಟ್ ವಿಷಯವೇ ನನಗೆ ಭಯ. ಕೊಟೇಶನ್‌ನಲ್ಲಿ ಅದರ ಸುದ್ದಿಯೇ ಇಲ್ಲ, ಅಲ್ವಾ?

ಹಳೆ ನುಡಿಯಲ್ಲಿ ಬರೆದದ್ದು ಕಂಪ್ಯೂಟರ್ ಪಾಲಿಗೆ ಕನ್ನಡ ಅಲ್ಲ. ಫಾಂಟ್ ತೆಗೆದರೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಗೋಜಲು. ಅದನ್ನು ಯೂನಿಕೋಡ್‌ಗೆ ತರಬೇಕು. ಅದಕ್ಕೆ ಕನ್ವರ್ಟರ್‌ಗಳಿವೆ, ಆದರೆ ಅರ್ಕಾವತ್ತು ಬಂದಲ್ಲಿ ಎಡವುತ್ತವೆ. ‘ಕಾರ್ಯದರ್ಶಿ’ ಹೋಗಿ ‘ಕಾಯರ್ದಶಿರ್’ ಆಗುತ್ತದೆ. ನಿಮ್ಮ ಹುದ್ದೆಯೇ ಹೀಗಾದರೆ ಸದಸ್ಯರ ಹೆಸರಿನ ಗತಿ ಊಹಿಸಿ. ಹೆಸರು ಕೆಟ್ಟರೆ ಹುಡುಕಿದಾಗ ಆ ಸದಸ್ಯರ ಖಾತೆ ಸಿಗುವುದಿಲ್ಲ.

4.5 ಲಕ್ಷವನ್ನು ಆರು ಆಳು-ತಿಂಗಳಿಗೆ ಹಂಚಿದರೆ ತಿಂಗಳಿಗೆ 75 ಸಾವಿರ, ದಿನಕ್ಕೆ ಸುಮಾರು 3,400. ಪರಿವರ್ತನೆಗೆ ಒಬ್ಬ ಡೆವಲಪರ್ ಮೂರು ವಾರ ಕೂರಬೇಕು. ಅಲ್ಲಿಗೆ 50 ಸಾವಿರ ಆಯಿತು. ಆಮೇಲೆ ನಿಮ್ಮ ಗುಮಾಸ್ತರು ದಿನಕ್ಕೆ 300 ಹೆಸರಿನಂತೆ ಹತ್ತು ದಿನ ಕೂತು ಹಳೆ ಲೆಡ್ಜರ್ ಜೊತೆ ತಾಳೆ ನೋಡಬೇಕು. ಇದನ್ನು ಕಂಪನಿಯವರು ಮಾಡಲಾರರು. ಅವರಿಗೆ ನಿಮ್ಮ ಊರಿನ ಮನೆತನಗಳ ಹೆಸರು ಗೊತ್ತಿರುವುದಿಲ್ಲ.

ಬೈಕ್ ರೈಡರ್: ಆ್ಯಪ್ ಮಾಡಿಸೋಕೆ ಎಷ್ಟಾಗತ್ತೆ ಸಾರ್?

ಕೋಡ್ ಮೇಷ್ಟ್ರು: ಏನು ಮಾಡುವ ಆ್ಯಪ್ ಅಂತ ಹೇಳದೆ ರೇಟು ಹೇಳಲಾಗದು.

ಮಲೆನಾಡು ಮಳೆ: ಅಡಿಕೆ ತೋಟ ಅವರೇ, ಎಸ್‌ಎಂಎಸ್ ಕನ್ನಡದಲ್ಲಾ? ನಮ್ಮ ಸಂಘದಲ್ಲಿ ಬಿಲ್ ಮೂರು ಪಟ್ಟು ಬಂತು. ಮೋಸ ಮಾಡಿದರು.

ಕೋಡ್ ಮೇಷ್ಟ್ರು: ಬಿಲ್ ನಿಜ, ಮೋಸ ಅಲ್ಲ. ಇಂಗ್ಲಿಷ್ ಎಸ್‌ಎಂಎಸ್ ಒಂದರಲ್ಲಿ 160 ಅಕ್ಷರ ಹಿಡಿಸುತ್ತದೆ. ಕನ್ನಡದಲ್ಲಿ 70, ಉದ್ದವಾದರೆ ತುಂಡಿಗೆ 67. ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. 150ರ ಸಂದೇಶ ಮೂರು ತುಂಡಾಗುತ್ತದೆ. 3,000 ಜನರಿಗೆ ತಿಂಗಳಿಗೆ ನಾಲ್ಕು ಕಳಿಸಿದರೆ 36,000 ತುಂಡು, 7,200 ರೂಪಾಯಿ. ವರ್ಷಕ್ಕೆ 86,400. ಸಂದೇಶವನ್ನು ಚಿಕ್ಕದಾಗಿ ಬರೆಯಿರಿ, ‘ಮಾನ್ಯ ಸದಸ್ಯರೇ’ ಬಿಟ್ಟರೂ ನಡೆಯುತ್ತದೆ. ಸಂದೇಶದ ಟೆಂಪ್ಲೇಟ್ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು, ಆದ್ದರಿಂದ ಮೊದಲೇ ಚಿಕ್ಕದು ಮಾಡಿ.

ಜೈ ಕಿಸಾನ್: *(ಫಾರ್ವರ್ಡ್)* ಸರ್ವರ್‌ಗೆ ದುಡ್ಡು ಸುರಿಯಬೇಡಿ!! ಹೊಸ ಇಮೇಲ್‌ನಿಂದ ಫ್ರೀ ಖಾತೆ ತೆರೆಯಿರಿ, ಅವಧಿ ಮುಗಿದರೆ ಇನ್ನೊಂದು ತೆರೆಯಿರಿ. ಎಲ್ಲರಿಗೂ ಕಳಿಸಿ!!

ಕೋಡ್ ಮೇಷ್ಟ್ರು: ದಯವಿಟ್ಟು ಕಳಿಸಬೇಡಿ. ಖಾತೆ ಬಂದ್ ಆದ ದಿನ ಜನರ ಠೇವಣಿ ಲೆಕ್ಕ ಎಲ್ಲಿರುತ್ತದೆ? ಅಡಿಕೆ ತೋಟ ಅವರೇ, ‘ಒಂದು ವರ್ಷ ಫ್ರೀ’ ಅಂದರೆ ಯಾರ ಖಾತೆಯಲ್ಲಿ ಅಂತ ಕೇಳಿ. ಸಂಘದ ಇಮೇಲ್, ಸಂಘದ ಹೆಸರಿನ ಬಿಲ್ ಆಗಿರಲಿ. ಕಂಪನಿಯ ಖಾತೆಯಲ್ಲಿದ್ದರೆ ಎರಡನೇ ವರ್ಷ ಅವರು ಹೇಳಿದ್ದೇ ಬಾಡಿಗೆ.

ಲೆಕ್ಕಪತ್ರ: ನಮಗೆ ಡೇಟಾಬೇಸ್ ಲೈಸೆನ್ಸ್ ಅಂತ 60 ಸಾವಿರ ಹಾಕಿದ್ದಾರೆ. ಪೋಸ್ಟ್‌ಗ್ರೆಸ್ ಫ್ರೀ ಅಲ್ವಾ?

ಬೆಂಗಳೂರು ಟೆಕ್ಕಿ: ಫ್ರೀ ತಗೊಂಡು ರಾತ್ರಿ ಕೆಟ್ಟರೆ ಯಾರಿಗೆ ಫೋನ್ ಮಾಡ್ತೀರಾ?

ಲೆಕ್ಕಪತ್ರ: ದುಡ್ಡು ಕೊಟ್ಟರೆ ಮಾತ್ರ ರಾತ್ರಿ ಫೋನ್ ಎತ್ತುತ್ತಾರಾ? ನೀವು ಎತ್ತಿದ್ದೀರಾ?

ಬೆಂಗಳೂರು ಟೆಕ್ಕಿ: ಹದಿನೈದು ವರ್ಷ ಇದೇ ಕೆಲಸ ಸ್ವಾಮಿ. ಗೂಗಲ್ ನೋಡಿ ಬಂದವರಿಗೆ ಹೇಳಿ ಪ್ರಯೋಜನ ಇಲ್ಲ.

ಕೋಡ್ ಮೇಷ್ಟ್ರು: ಇಬ್ಬರೂ ಸುಮ್ನೆ ಇರಿ. ಲೈಸೆನ್ಸ್ ಬೇರೆ, ನೋಡಿಕೊಳ್ಳುವ ಕೂಲಿ ಬೇರೆ. ಪೋಸ್ಟ್‌ಗ್ರೆಸ್‌ಗೆ ಮೊದಲನೆಯದು ಸೊನ್ನೆ, ಎರಡನೆಯದು ಎಂದೂ ಸೊನ್ನೆ ಅಲ್ಲ. ಆ 60 ಸಾವಿರ ಯಾವುದಕ್ಕೆ ಅಂತ ಲಿಖಿತವಾಗಿ ಕೇಳಿ.

ಕಲ್ಯಾಣ ಮಂಟಪ: ನಮ್ಮ ಚೌಟ್ರಿ ಬುಕಿಂಗ್‌ಗೂ ಎಎಂಸಿ ಕೇಳುತ್ತಿದ್ದಾರೆ. ಕೆಟ್ಟಾಗ ಕೊಟ್ಟರೆ ಸಾಲದಾ?

ಅಡಿಕೆ ತೋಟ: ನನ್ನ ಎಎಂಸಿ ಬಗ್ಗೆ ಹೇಳಲಿಲ್ಲ ಮೇಷ್ಟ್ರೇ.

ಕೋಡ್ ಮೇಷ್ಟ್ರು: ಶೇ 15 ಅಂದರೆ 67,500. ಅವರದೇ ರೇಟಿನಲ್ಲಿ ಒಬ್ಬ ಡೆವಲಪರ್‌ನ ಸುಮಾರು 20 ದಿನ, ಇಡೀ ವರ್ಷಕ್ಕೆ. ತಪ್ಪು ತಿದ್ದುವುದು, ಬ್ಯಾಕಪ್‌ನಿಂದ ನಿಜಕ್ಕೂ ವಾಪಸ್ ತಂದು ನೋಡುವುದು ಅದರಲ್ಲೇ ಬರಬೇಕು. ಪ್ಲೇ ಸ್ಟೋರ್ ಕೂಡ ಪ್ರತಿವರ್ಷ ಹೊಸ ಆಂಡ್ರಾಯ್ಡ್‌ಗೆ ಹೊಂದಿಸಿ ಅನ್ನುತ್ತದೆ. ಬಿಟ್ಟರೆ ಹೊಸ ಫೋನ್ ಕೊಂಡ ಸದಸ್ಯರಿಗೆ ಆ್ಯಪ್ ಸಿಗುವುದಿಲ್ಲ. ಹೊಸ ವರದಿ, ಹೊಸ ಬಡ್ಡಿ ನಿಯಮ ಇದರಲ್ಲಿ ಸೇರಿದೆಯಾ ಕೇಳಿ. ಬಹುಶಃ ಇರುವುದಿಲ್ಲ.

ಮಂಡಳಿಗೆ ಹೇಳಬೇಕಾದ್ದು: 4.5 ಲಕ್ಷ, ಡೇಟಾಗೆ 50 ಸಾವಿರ, ಎಸ್‌ಎಂಎಸ್ 86 ಸಾವಿರ, ಮೇಲೆ ಶೇ 18 ಜಿಎಸ್‌ಟಿ. ಮೊದಲ ವರ್ಷಕ್ಕೆ ಸುಮಾರು 7 ಲಕ್ಷ. ಮತ್ತೊಂದು ಲಕ್ಷ ಮುಟ್ಟದೆ ಇಟ್ಟಿರಿ.

ಅಡಿಕೆ ತೋಟ: ಕಂಪನಿಯವರಿಗೆ ಫೋನ್ ಮಾಡಿದೆ. ‘ಡೇಟಾ ಒಂದೇ ದಿನದ ಕೆಲಸ’ ಅಂದರು.

ಕೋಡ್ ಮೇಷ್ಟ್ರು: ಅರ್ಕಾವತ್ತು, ಒತ್ತಕ್ಷರ ಇರುವ 100 ಹೆಸರು ಆರಿಸಿ ಕಳಿಸಿ. ಮಾಡಿ ತೋರಿಸಲಿ. ಅಲ್ಲಿತನಕ ಅಡ್ವಾನ್ಸ್ ಬೇಡ.

ಬೈಕ್ ರೈಡರ್: ಸಾರ್, ಬೈಕ್ ಬಾಡಿಗೆ ಆ್ಯಪ್. ಈಗ ಎಷ್ಟಾಗತ್ತೆ ಹೇಳಿ?