ಪದಚರ್ಚೆ: ಟ್ವೀಟರ್ 'ಸುಟ್ಟಿದೆ' ಎಂದು ಬರೆಯೋದು ಯಾವಾಗ?

ಗೆಳೆಯರೇ,
ಸ್ಪೀಕರ್ ರಿಪೇರಿ ಕಲಿಯುವವರಿಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ನಮ್ಮ ಮನೆಯ ಟವರ್ ಸ್ಪೀಕರ್ ಜೋಡಿಯಲ್ಲಿ ಎಡಗಡೆಯದ್ದು ಮಂಕಾಗಿದೆ. ಹಾಡಿನಲ್ಲಿ 'ಸ', 'ಶ' ಸರಿಯಾಗಿ ಕೇಳುವುದಿಲ್ಲ, ತಾಳದ ಝಣಝಣ ಇಲ್ಲ. ಅಂಗಡಿಯವರು ಬಿಚ್ಚದೆಯೇ ಚೀಟಿಯಲ್ಲಿ "ಟ್ವೀಟರ್ ಸುಟ್ಟಿದೆ" ಎಂದು ಬರೆದರು. ದನಿಯನ್ನು ಪಾಲು ಮಾಡಿ ಟ್ವೀಟರಿಗೆ ಕಳಿಸುವ ಕ್ರಾಸ್‌ಓವರ್ ಕೆಟ್ಟರೂ ಹೀಗೇ ಕೇಳುತ್ತೆ, ಅಲ್ವಾ? ಹಾಗಿದ್ದರೆ ಈ ಮಾತನ್ನು ಯಾವಾಗ ಬರೆಯಬಹುದು?

ಮೊದಲ ಉತ್ತರ
ಸುಲಭ ಮೇಡಂ. ನನ್ನ ಸ್ಪೀಕರಿನ ಹಿಂದೆ ಎರಡು ಜೋಡಿ ಟರ್ಮಿನಲ್ ಇವೆ. ನಡುವಿನ ಪಟ್ಟಿ ತೆಗೆದು ಮೇಲಿನ ಜೋಡಿಗೆ ಮೀಟರ್ ಹಿಡಿದೆ. OL ಬಂತು, ಕರೆಂಟಿಗೆ ದಾರಿಯೇ ಇಲ್ಲ ಅಂತ. ಅಂದ್ರೆ ಸುಟ್ಟಿದೆ.

ರಿಪೇರಿ ಮಾಡುವವರೊಬ್ಬರು
ಅಲ್ಲಿ OL ಬರೋದು ಸಹಜ ಸಾರ್. ಟ್ವೀಟರಿಗೆ ಹೋಗುವ ದಾರಿಯಲ್ಲಿ ಕೆಪಾಸಿಟರ್ ಇರುತ್ತೆ, ಮೀಟರಿನ ಡಿಸಿ ಅದನ್ನು ದಾಟಲ್ಲ. ನಿಮ್ಮ ಇನ್ನೊಂದು ಸ್ಪೀಕರಿಗೂ ಹಿಡಿದು ನೋಡಿ, ಅದೇ ಬರುತ್ತೆ.

ಮೇಡಂ, ಮೊದಲು ಸಣ್ಣ ವಾಲ್ಯೂಮಿನಲ್ಲಿ ಹಾಡು ಹಾಕಿ, ಕಾಗದದ ಸುರುಳಿ ಹಿಡಿದು ಟ್ವೀಟರಿಗೆ ಕಿವಿ ಕೊಡಿ. ಕರಕರ ಅಂದರೆ ಓಮ್ ಸರಿ ಬಂದರೂ ಟ್ವೀಟರ್ ಮೇಲೇ ಅನುಮಾನ. ಸಣ್ಣಗೆ, ಆದರೆ ಸ್ವಚ್ಛವಾಗಿ ಕೇಳಿದರೆ ಹಳೆಯ ಕೆಪಾಸಿಟರ್ ಒಣಗಿರಬಹುದು. ಏನೂ ಕೇಳದಿದ್ದರೆ ಕಿವಿಯಿಂದ ತೀರ್ಮಾನ ಆಗಲ್ಲ. ಆಂಪ್ ಆಫ್ ಮಾಡಿ, ಟ್ವೀಟರ್ ಬಿಚ್ಚಿ, ಒಂದು ವೈರ್ ಕಿತ್ತು ಅಳೆಯಿರಿ. 8 ಓಮಿನದ್ದಾದರೆ ಸಾಮಾನ್ಯವಾಗಿ 5ರಿಂದ 6.5 ಬರುತ್ತೆ. ಮೀಟರ್ ತಾಗಿಸುವಾಗ ಸಣ್ಣಗೆ 'ಟಿಕ್' ಅನ್ನುತ್ತೆ. ಅಲ್ಲಿಯೂ OL ಬಂದರೆ ಕಾಯಿಲ್ ತುಂಡಾಗಿದೆ. ಆಗ 'ಸುಟ್ಟಿದೆ' ಅನ್ನಿ. ಸ್ಕ್ರೂಡ್ರೈವರ್ ಹುಷಾರು, ಮ್ಯಾಗ್ನೆಟ್ ಎಳೆದುಕೊಂಡು ಡೋಮ್ ತೂತು ಮಾಡುತ್ತೆ.

ಇನ್ನೊಬ್ಬರು
ಟ್ವೀಟರಿಗೆ 'ಕೀಚುಗ' ಅನ್ನೋಣವೇ? 'ಕೀಚು' ಅಂದರೆ ಕೀರಲು ದನಿ.

ಕೇಳಿದವಳು
ಹೆಸರು ಆಮೇಲೆ ನೋಡೋಣ ಸಾರ್, ಕೇಳಿದ್ದು ಕೆಟ್ಟಿದ್ದನ್ನು ಹೇಗೆ ಹೇಳೋದು ಅಂತ! ಕಿವಿ ಇಟ್ಟರೆ ಟ್ವೀಟರ್ ಪೂರ್ತಿ ಮೌನ. ಬಿಚ್ಚಿ ಅಳೆದೆ. ಎಡಕ್ಕೆ 5.7, ಬಲಕ್ಕೆ 5.8. ಟಿಕ್ ಎರಡಕ್ಕೂ ಬಂತು. ಎಡದ ಟ್ವೀಟರನ್ನು ಬಲದ ಪೆಟ್ಟಿಗೆಗೆ ಹಾಕಿದರೆ ಚೆನ್ನಾಗಿ ಹಾಡಿತು. ಎಡದ ಕ್ರಾಸ್‌ಓವರ್ ಬೋರ್ಡಿನಲ್ಲಿ ಟ್ವೀಟರಿಗೆ ಹೋಗುವ ದಾರಿಯಲ್ಲಿ ಬಿಳಿ ಸಿಮೆಂಟ್ ರೆಸಿಸ್ಟರ್ ಇದೆ, ಮೇಲೆ 2.2 ಅಂತ ಬರೆದಿದೆ. ಒಂದು ಕಾಲು ಎಬ್ಬಿಸಿ ಅಳೆದರೆ OL. ಕೆಳಗಿನ ಬೋರ್ಡ್ ಕಂದಾಗಿದೆ. ಸುಟ್ಟಿದ್ದು ನಿಜ, ಟ್ವೀಟರ್ ಅಲ್ಲ ಅಷ್ಟೇ.

ಮೊದಲ ಉತ್ತರ ಕೊಟ್ಟವರು
ನನ್ನ ಇನ್ನೊಂದು ಸ್ಪೀಕರಿಗೂ OL ಬಂತು! ಆದರೆ ನನ್ನದು ಜೋರಾಗಿ ಹಾಕಿದಾಗ ಹೋಗಿ, ಸ್ವಲ್ಪ ಹೊತ್ತಿಗೆ ತಾನೇ ಬರುತ್ತೆ. ಇದಕ್ಕೇನನ್ನಬೇಕು?

ರಿಪೇರಿ ಮಾಡುವವರು
ಕೆಲವು ಕ್ರಾಸ್‌ಓವರಿನಲ್ಲಿ ಬಿಸಿಯಾದರೆ ಕರೆಂಟ್ ತಡೆಯುವ ಪಿಟಿಸಿ ಇರುತ್ತೆ, ತಣ್ಣಗಾದರೆ ಬಿಡುತ್ತೆ. ಕಾಯಿಲಿನ ಬೆಸುಗೆ ಬಿಸಿಗೆ ಬಿಟ್ಟುಕೊಂಡರೂ ಹೀಗೇ ಆಗುತ್ತೆ. ಹೋದ ಹೊತ್ತಿಗೇ ಅಳೆಯಬೇಕು. ಅಲ್ಲಿವರೆಗೆ ಚೀಟಿಯಲ್ಲಿ 'ಬಿಸಿಗೆ ಟ್ವೀಟರ್ ನಿಲ್ಲುತ್ತೆ' ಅಂತಷ್ಟೇ ಬರೆಯಿರಿ.